ಸಮಾರೋಪದ ವಂದನಾರ್ಪಣೆ

ಎರಡು ದಿನದ ವಿಚಾರ ಸಂಕಿರಣದಲ್ಲಿ ವಂದನಾರ್ಪಣೆ ಎರಡು ಸಲ ಬರುತ್ತದೆ. ಮೊದಲನೆಯದು ಉದ್ಘಾಟನೆ ಮುಗಿದ ಕೂಡಲೇ, ಎರಡನೆಯದು ಸಮಾರೋಪದ ಕೊನೆಗೆ. ಎರಡನ್ನೂ ಒಂದೇ ಬಗೆಯಲ್ಲಿ ಬರೆದು ಓದುವ ರೂಢಿ ಕಾಲೇಜುಗಳಲ್ಲಿ ಇದೆ, ಆದರೆ ಎರಡರ ಕೆಲಸ ಬೇರೆ. ಉದ್ಘಾಟನೆಯ ವಂದನೆ ವೇದಿಕೆಯ ಮೇಲಿರುವವರಿಗೆ ಸಲ್ಲುತ್ತದೆ. ಆ ಹೊತ್ತಿಗೆ ಸಂಕಿರಣ ಇನ್ನೂ ನಡೆದೇ ಇರುವುದಿಲ್ಲ. ಸಮಾರೋಪದ ವಂದನೆ ನಡೆದು ಹೋದ ಕೆಲಸಕ್ಕೆ ಸಲ್ಲುತ್ತದೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಯಾರ ಬದಲು ನಿಂತರು, ಊಟ ಎಲ್ಲಿಂದ ಬಂತು, ಕರೆಂಟು ಹೋದಾಗ ಮೈಕನ್ನು ಯಾರು ನಡೆಸಿದರು ಎಂಬುದೆಲ್ಲ ಆಗ ಗೊತ್ತಿರುತ್ತದೆ. ಇದನ್ನು ಬಲ್ಲವರು ಎರಡನೆಯ ವಂದನಾರ್ಪಣೆಯನ್ನು ಮುಂಚಿತವಾಗಿ ಪೂರ್ತಿ ಬರೆದಿಡುವುದಿಲ್ಲ.

ಈ ಪದ್ಧತಿ ಬಂದದ್ದು ಇಂಗ್ಲೆಂಡಿನ ಸಭಾ ನಡಾವಳಿಯಿಂದ. ಅಲ್ಲಿ ಒಬ್ಬರು ವಂದನೆಯ ನಿರ್ಣಯವನ್ನು ಮಂಡಿಸುತ್ತಿದ್ದರು, ಇನ್ನೊಬ್ಬರು ಅನುಮೋದಿಸುತ್ತಿದ್ದರು, ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸುತ್ತಿತ್ತು. ನಮ್ಮ ಶಾಸನಸಭೆಗಳಲ್ಲಿ ಅದು ಇನ್ನೂ ಮೂಲರೂಪದಲ್ಲೇ ಉಳಿದಿದೆ: ರಾಜ್ಯಪಾಲರ ಭಾಷಣಕ್ಕೆ ವಂದನಾ ನಿರ್ಣಯ ಮಂಡನೆಯಾಗುತ್ತದೆ, ದಿನಗಟ್ಟಲೆ ಚರ್ಚೆ ನಡೆಯುತ್ತದೆ, ಕೊನೆಗೆ ಮತಕ್ಕೆ ಹೋಗುತ್ತದೆ. ಕಾಲೇಜು, ಸಂಘ, ಪರಿಷತ್ತುಗಳ ಸಭೆಯಲ್ಲಿ ಅನುಮೋದಕರು ಮಾಯವಾಗಿ ಒಬ್ಬರೇ ಉಳಿದಿದ್ದಾರೆ. ಆದರೂ ಹಳೆಯ ಅರ್ಥದ ಒಂದಂಶ ಹೋಗಿಲ್ಲ. ವಂದಿಸುವವರು ಮಾತಾಡುವುದು ಸ್ವಂತದ ಪರವಾಗಿ ಅಲ್ಲ, ಸಭೆಯ ಪರವಾಗಿ. ಆದ್ದರಿಂದ ಅವರ ವೈಯಕ್ತಿಕ ಋಣ, ಗುರುಭಕ್ತಿ, ಗೆಳೆತನಗಳಿಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಒಂದು ಸಂಕಿರಣವನ್ನು ಕಣ್ಣ ಮುಂದೆ ಇಟ್ಟುಕೊಂಡರೆ ವಿಷಯ ಸುಲಭವಾಗುತ್ತದೆ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜು; ಅದರ ಕನ್ನಡ ವಿಭಾಗ ತತ್ವಪದಗಳ ಬಗ್ಗೆ ಎರಡು ದಿನದ ರಾಜ್ಯಮಟ್ಟದ ವಿಚಾರ ಸಂಕಿರಣ ನಡೆಸುತ್ತಿದೆ ಎಂದು ಭಾವಿಸೋಣ. ನಾಲ್ಕು ಗೋಷ್ಠಿಗಳು. ಕಡಕೋಳ ಮಡಿವಾಳಪ್ಪನವರ ಬಗ್ಗೆ ಒಂದು, ಶಿಶುನಾಳ ಶರೀಫರ ಬಗ್ಗೆ ಒಂದು, ಕನ್ನಡ ತೆಲುಗು ಎರಡರಲ್ಲೂ ಹಾಡು ಕಟ್ಟಿದ ಕೈವಾರದ ನಾರೇಯಣ ತಾತನವರನ್ನು ಒಳಗೊಂಡ ಗಡಿ ಭಾಗದ ಪದಕಾರರ ಬಗ್ಗೆ ಒಂದು, ಹಾಡುವ ಪರಂಪರೆಯ ಬಗ್ಗೆ ಕೊನೆಯದು. ಪ್ರತಿ ಗೋಷ್ಠಿಗೆ ಒಬ್ಬ ಅಧ್ಯಕ್ಷರು, ಇಬ್ಬರು ಅಥವಾ ಮೂವರು ಸಂಪನ್ಮೂಲ ವ್ಯಕ್ತಿಗಳು. ಮೊದಲ ದಿನ ಸಂಜೆ ಏಕತಾರಿ, ದಮ್ಮಡಿ ಹಿಡಿದ ಆರು ಜನರ ಭಜನಾ ತಂಡದಿಂದ ಪದಗಳು. ಧನಸಹಾಯ ಒಂದು ಸರ್ಕಾರಿ ಸಂಸ್ಥೆಯದು. ಎರಡೂ ದಿನದ ಊಟ ಊರಿನ ಮಠದ ದಾಸೋಹದಿಂದ. ಎನ್‌ಎಸ್‌ಎಸ್ ಘಟಕದ ಮೂವತ್ತು ವಿದ್ಯಾರ್ಥಿಗಳು ಸ್ವಯಂಸೇವಕರು.

ಇಷ್ಟು ಜನರನ್ನು ಒಬ್ಬೊಬ್ಬರಾಗಿ ಹೆಸರಿಸಿದರೆ ಏನಾಗುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಸಮಾರೋಪದ ವೇದಿಕೆ, ಗೋಷ್ಠಿಗಳು, ಹಾಡುಗಾರರು, ಸಮಿತಿಗಳು, ಸ್ವಯಂಸೇವಕರು ಎಲ್ಲ ಸೇರಿ ಅರವತ್ತು ಹೆಸರಾದರೂ ಆಗುತ್ತವೆ. ಒಂದು ಹೆಸರನ್ನು ಹುದ್ದೆ, ಊರಿನ ಸಮೇತ ಹೇಳಲು ಐದು ಸೆಕೆಂಡು ಹಿಡಿದರೂ ಬರೀ ಪಟ್ಟಿಗೇ ಐದು ನಿಮಿಷ ಹೋಗುತ್ತದೆ. ವಂದನೆಯ ಒಂದು ಮಾತೂ ಅದರಲ್ಲಿ ಸೇರಿಲ್ಲ. ಎರಡನೆಯ ದಿನ ಸಂಜೆ ಐದರ ಹೊತ್ತಿಗೆ ದೂರದ ಊರಿನವರು ಬಸ್ಸಿನ ಯೋಚನೆಯಲ್ಲಿರುತ್ತಾರೆ. ಆ ಸಭೆ ತಾಳಿಕೊಳ್ಳುವುದು ಒಟ್ಟು ನಾಲ್ಕು ನಿಮಿಷ, ಹೆಚ್ಚೆಂದರೆ ಐದು. ಸಾವಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದ. ಎಂದರೆ ನಾನೂರು ಪದದ ಭಾಷಣ. ಅದರಲ್ಲಿ ಹೆಸರು ಹಿಡಿದು ಹೇಳಬಹುದಾದವರು ಹದಿನೈದರಿಂದ ಇಪ್ಪತ್ತು ಜನ. ಉಳಿದವರನ್ನು ಅವರ ಕೆಲಸ ಹಿಡಿದು ಗುರುತಿಸಬೇಕಾಗುತ್ತದೆ. ವಂದನಾರ್ಪಣೆ ಬರೆಯುವುದರ ನಿಜವಾದ ಕಷ್ಟ ಇರುವುದು ಈ ಆಯ್ಕೆಯಲ್ಲಿ, ಮಾತಿನ ಅಲಂಕಾರದಲ್ಲಿ ಅಲ್ಲ.

ಭಾಷಣ ಕೆಡುವುದಕ್ಕೆ ದೊಡ್ಡ ಕಾರಣ ಆಹ್ವಾನ ಪತ್ರಿಕೆ. ವಂದಿಸುವ ಅಧ್ಯಾಪಕರು ಕೈಯಲ್ಲಿ ಅದನ್ನೇ ಹಿಡಿದು ನಿಲ್ಲುತ್ತಾರೆ. ಪತ್ರಿಕೆ ಅಚ್ಚಾದದ್ದು ಹದಿನೈದು ದಿನದ ಹಿಂದೆ. ಅದರಲ್ಲಿ ಹೆಸರಿದ್ದ ಮೂರನೆಯ ಗೋಷ್ಠಿಯ ಅಧ್ಯಕ್ಷರು ಜ್ವರದಿಂದ ಬರಲಾಗಲಿಲ್ಲ. ಎರಡನೆಯ ಗೋಷ್ಠಿಯಲ್ಲಿ ಪ್ರಬಂಧ ಓದಿದ್ದ ಹಿರಿಯರೊಬ್ಬರು ಕೇಳಿಕೊಂಡ ಕೂಡಲೇ ಆ ಜವಾಬ್ದಾರಿ ಹೊತ್ತು ಸಂಜೆಯವರೆಗೆ ಉಳಿದರು. ಪತ್ರಿಕೆ ನೋಡಿ ಓದಿದರೆ ಬಾರದವರಿಗೆ ‘ಬಿಡುವಿಲ್ಲದ ಕಾರ್ಯಕ್ರಮಗಳ ನಡುವೆಯೂ ಆಗಮಿಸಿದ’ ಎಂಬ ವಂದನೆ ಸಲ್ಲುತ್ತದೆ, ನಿಜಕ್ಕೂ ಸಂಕಿರಣವನ್ನು ಉಳಿಸಿಕೊಟ್ಟವರಿಗೆ ಏನೂ ಸಿಗುವುದಿಲ್ಲ. ಸಭೆಯಲ್ಲಿ ಕಿಸಕ್ಕನೆ ನಗು ಕೇಳಿಬಂದರೆ ಇಂಥದ್ದೇನೋ ಆಗಿದೆ ಎಂದೇ ಅರ್ಥ. ಹಿರಿಯರು ಏನೂ ಅನ್ನುವುದಿಲ್ಲ, ಮುಂದಿನ ಸಲ ಕರೆದಾಗ ಬರುವುದಿಲ್ಲ.

ಇದಕ್ಕೆ ಪರಿಹಾರ ಒಂದು ನೋಟ್‌ಪುಸ್ತಕ. ಸಮಾರೋಪದಲ್ಲಿ ವಂದಿಸುವವರು ಯಾರೆಂದು ಮೊದಲ ದಿನ ಬೆಳಿಗ್ಗೆಯೇ ಗೊತ್ತಾಗಿರಬೇಕು. ಪ್ರತಿ ಗೋಷ್ಠಿ ಮುಗಿದಾಗ ಅವರು ಮೂರು ಸಂಗತಿ ಬರೆದುಕೊಂಡರೆ ಸಾಕು: ಅಧ್ಯಕ್ಷತೆ ವಹಿಸಿದವರು ಯಾರು, ಮಾತಾಡಿದವರು ಯಾರು, ಮತ್ತು ಆ ಗೋಷ್ಠಿಯಲ್ಲಿ ಸಭೆ ಎದ್ದು ಕುಳಿತ ಒಂದು ಮಾತು ಅಥವಾ ಪ್ರಶ್ನೆ ಯಾವುದು. ಇದಲ್ಲದೆ ಊಟದ ಹೊತ್ತಿಗೆ ಅಡುಗೆಮನೆಯ ಕಡೆ, ಬೆಳಿಗ್ಗೆ ನೋಂದಣಿ ಮೇಜಿನ ಕಡೆ, ರಾತ್ರಿ ವಸತಿಯ ಕಡೆ ಒಂದೊಂದು ಸುತ್ತು ಹೋಗಿ ಬರಬೇಕು. ವೇದಿಕೆಯ ಮುಂದೆ ಎರಡು ದಿನ ಕುಳಿತವರಿಗೆ ಈ ಕಡೆ ನಡೆದದ್ದು ತಿಳಿದಿರುವುದಿಲ್ಲ. ಹೆಸರುಗಳನ್ನು ಆಯಾ ವ್ಯಕ್ತಿಯನ್ನೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಡಾಕ್ಟರೇಟು ಪಡೆದವರನ್ನು ಬರೀ ‘ಶ್ರೀ’ ಎಂದರೆ, ಪಡೆಯದವರನ್ನು ‘ಡಾ.’ ಎಂದರೆ, ಎರಡೂ ಮುಜುಗರವೇ. ಮಠಾಧೀಶರಿದ್ದರೆ ಅವರ ಪೂರ್ಣ ಹೆಸರು, ಮಠದ ಹೆಸರು ತಪ್ಪದಂತೆ ನೋಡಬೇಕು; ಅಲ್ಲಿ ಆದ ತಪ್ಪನ್ನು ಊರು ಬೇಗ ಮರೆಯುವುದಿಲ್ಲ.

ಯಾರು ವಂದಿಸಬೇಕು ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಸಾಮಾನ್ಯವಾಗಿ ಸಂಕಿರಣದ ಸಂಚಾಲಕರೇ ಮೈಕಿನ ಮುಂದೆ ಬರುತ್ತಾರೆ. ಆರು ತಿಂಗಳು ಪತ್ರ ಬರೆದು, ಹಣ ಹೊಂದಿಸಿ, ಫೋನು ಮಾಡಿದವರು ಅವರು. ಎಲ್ಲವೂ ಅವರಿಗೆ ಗೊತ್ತು. ತೊಂದರೆ ಏನೆಂದರೆ, ತಮಗೆ ತಾವೇ ವಂದನೆ ಹೇಳಿಕೊಳ್ಳಲಾಗದು. ಹಾಗಾಗಿ ಅತಿ ಹೆಚ್ಚು ದುಡಿದವರ ಹೆಸರೇ ಭಾಷಣದಲ್ಲಿ ಇರುವುದಿಲ್ಲ, ಇಲ್ಲವೆ ‘ನಾನು ಎಷ್ಟು ಕಷ್ಟಪಟ್ಟೆ’ ಎಂಬ ಕಥೆ ವಂದನೆಯ ವೇಷದಲ್ಲಿ ಒಳಗೆ ಬರುತ್ತದೆ. ವಿಭಾಗದ ಇನ್ನೊಬ್ಬ ಅಧ್ಯಾಪಕರು ವಂದಿಸುವುದೇ ಮೇಲು. ಚಿಕ್ಕ ವಿಭಾಗದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಪ್ರಾಂಶುಪಾಲರು ಅಧ್ಯಕ್ಷೀಯ ನುಡಿಯಲ್ಲಿ ಸಂಚಾಲಕರ ಹೆಸರು ಹೇಳಿ ಮುಗಿಸಬಹುದು. ಆಗ ವಂದನಾರ್ಪಣೆಯಲ್ಲಿ ಆ ಮಾತು ಬೇಕಾಗುವುದಿಲ್ಲ.

ಇನ್ನು ಭಾಷಣದ ಕ್ರಮ. ವೇದಿಕೆಯಲ್ಲಿ ಕುಳಿತವರಿಂದ ಆರಂಭಿಸುವುದು ನಮ್ಮ ಸಭಾ ಮರ್ಯಾದೆ: ಸಾನ್ನಿಧ್ಯ ವಹಿಸಿದ ಸ್ವಾಮಿಗಳು, ಸಮಾರೋಪ ಭಾಷಣ ಮಾಡಿದವರು, ಮುಖ್ಯ ಅತಿಥಿಗಳು, ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರು. ಇವರು ಎದುರಿಗೇ ಇದ್ದಾರೆ, ಸಭೆಗೆ ಆಗಲೇ ಪರಿಚಿತರು. ಸ್ವಾಗತದಲ್ಲಿ ಓದಿದ ಪರಿಚಯವನ್ನು ಇಲ್ಲಿ ಮತ್ತೆ ಓದಬೇಕಿಲ್ಲ. ಸಮಾರೋಪ ಭಾಷಣಕಾರರಿಗೆ ಮಾತ್ರ ಒಂದು ವಾಕ್ಯ ಹೆಚ್ಚು ಕೊಡುವುದು ಸರಿ. ಅದು ಅವರು ಆಗತಾನೇ ಹೇಳಿದ ಒಂದು ಮಾತಿಗೆ ಅಂಟಿಕೊಂಡಿರಬೇಕು. ‘ತತ್ವಪದವನ್ನು ಪುಸ್ತಕದಲ್ಲಿ ಓದಿ ಬಿಟ್ಟುಬಿಡಬೇಡಿ, ಹಾಡುವವರ ಊರಿಗೆ ಹೋಗಿ ಕೇಳಿ ಎಂದು ಇವತ್ತು ಹೇಳಿದಿರಿ, ಅದನ್ನು ನಮ್ಮ ವಿದ್ಯಾರ್ಥಿಗಳು ಮುಂದಿನ ವರ್ಷದ ಕಿರು ಸಂಶೋಧನೆಗೆ ಎತ್ತಿಕೊಳ್ಳುತ್ತಾರೆ. ತಮಗೆ ವಂದನೆಗಳು’ ಎಂದರೆ ಮುಗಿಯಿತು. ‘ವಿದ್ವತ್ಪೂರ್ಣ ಉಪನ್ಯಾಸ ನೀಡಿದ’ ಎಂಬ ಮಾತು ಎಲ್ಲರಿಗೂ ಹೊಂದುತ್ತದೆ; ಆದ್ದರಿಂದಲೇ ಅದನ್ನು ಕೇಳಿದವರು ಯಾರೂ ನಂಬುವುದಿಲ್ಲ.

ಭಾಷಣದ ಸಾರಾಂಶ ಹೇಳತೊಡಗುವುದು ಇದರ ಪಕ್ಕದ ಗುಂಡಿ. ಇಪ್ಪತ್ತು ನಿಮಿಷದ ಸಮಾರೋಪವನ್ನು ಎರಡು ನಿಮಿಷಕ್ಕೆ ಇಳಿಸಲು ಹೊರಟವರು ಸಾಮಾನ್ಯವಾಗಿ ಅದರ ಒಂದು ಮಗ್ಗುಲನ್ನು ಮಾತ್ರ ಹೇಳುತ್ತಾರೆ, ಭಾಷಣಕಾರರು ಕುರ್ಚಿಯಲ್ಲಿ ಕುಳಿತೇ ಹುಬ್ಬು ಗಂಟಿಕ್ಕುತ್ತಾರೆ. ಒಪ್ಪದ ಅಭಿಪ್ರಾಯಕ್ಕೆ ಉತ್ತರ ಕೊಡುವುದಂತೂ ಅಲ್ಲಿ ಸಲ್ಲದು, ಯಾಕೆಂದರೆ ಎದುರಿನವರಿಗೆ ಮತ್ತೆ ಮಾತಾಡುವ ಅವಕಾಶ ಇಲ್ಲ.

ಗೋಷ್ಠಿಗಳ ವಿಷಯಕ್ಕೆ ಬಂದರೆ, ನಾಲ್ಕು ಅಧ್ಯಕ್ಷರನ್ನು ಹೆಸರಿಸಿ, ಸಂಪನ್ಮೂಲ ವ್ಯಕ್ತಿಗಳ ಹೆಸರುಗಳನ್ನು ಗೋಷ್ಠಿವಾರು ಜೋಡಿಸಬಹುದು. ಕನ್ನಡದ ವಾಕ್ಯರಚನೆ ಇದಕ್ಕೆ ಅನುಕೂಲ. ಕ್ರಿಯಾಪದ ಕೊನೆಗೆ ಬರುವುದರಿಂದ ‘ಅವರಿಗೂ, ಅವರಿಗೂ, ಅವರಿಗೂ’ ಎಂದು ಪೋಣಿಸುತ್ತ ಹೋಗಿ ಕಡೆಗೆ ಒಂದೇ ಸಲ ‘ವಂದನೆಗಳು’ ಎನ್ನಬಹುದು. ಪ್ರತಿ ಹೆಸರಿಗೂ ‘ತುಂಬು ಹೃದಯದ’, ‘ಹೃತ್ಪೂರ್ವಕ’, ‘ಅನಂತಾನಂತ’ ಎಂದು ವಿಶೇಷಣ ಬದಲಿಸುತ್ತ ಹೋದರೆ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬ ತಕ್ಕಡಿ ಕೇಳುವವರ ತಲೆಯಲ್ಲಿ ಏಳುತ್ತದೆ. ಆದರೆ ಪೋಣಿಸುವುದಕ್ಕೂ ಮಿತಿ ಇದೆ. ಒಂದು ವಾಕ್ಯದಲ್ಲಿ ನಾಲ್ಕೈದು ಹೆಸರು ದಾಟಿದರೆ ಚಪ್ಪಾಳೆ ಎಲ್ಲಿ ತಟ್ಟಬೇಕೆಂದು ಸಭೆಗೆ ತಿಳಿಯುವುದಿಲ್ಲ. ಗೋಷ್ಠಿಗೊಂದು ವಾಕ್ಯ ಎಂಬುದು ಸರಿಯಾದ ಅಳತೆ. ಮೂರನೆಯ ಗೋಷ್ಠಿಯಲ್ಲಿ ಬದಲಿಯಾಗಿ ನಿಂತ ಹಿರಿಯರ ವಿಷಯವನ್ನು ಹೀಗೆ ಹೇಳಬಹುದು: ‘ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಕೇಳಿಕೊಂಡಾಗ ಆಗಲಿ ಎಂದರು. ಮಧ್ಯಾಹ್ನದ ಬಸ್ಸು ಬಿಟ್ಟು ಗೋಷ್ಠಿಯ ಅಧ್ಯಕ್ಷತೆ ವಹಿಸಿದರು. ಅವರಿಗೆ ನಮ್ಮ ವಿಭಾಗ ಋಣಿ.’ ವಿಶೇಷಣ ಒಂದೂ ಇಲ್ಲ, ನಡೆದದ್ದು ಮಾತ್ರ ಇದೆ. ಬಾರದವರ ಅನಾರೋಗ್ಯವನ್ನು ಇಲ್ಲಿ ಎತ್ತಬೇಕಿಲ್ಲ.

ತತ್ವಪದದ ಸಂಕಿರಣದಲ್ಲಿ ಹಾಡುಗಾರರ ಸ್ಥಾನ ಯಾವುದು ಎಂಬುದು ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿ. ಆಹ್ವಾನ ಪತ್ರಿಕೆಯಲ್ಲಿ ಅವರು ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಒಂದು ಸಾಲಿನ ಕೆಳಗೆ ಇರುತ್ತಾರೆ, ವಂದನೆಯಲ್ಲೂ ಊಟದ ಸಮಿತಿಯ ಆಚೀಚೆ ಬರುತ್ತಾರೆ. ಎರಡು ದಿನ ಹನ್ನೊಂದು ಪ್ರಬಂಧಗಳು ಯಾವುದರ ಬಗ್ಗೆ ಮಂಡನೆಯಾದವೋ ಅದನ್ನು ಬಾಯಲ್ಲಿ ಉಳಿಸಿಕೊಂಡು ಬಂದವರು ಅವರೇ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಇವತ್ತಿಗೂ ಊರೂರಿನಲ್ಲಿ ಕೇಳುವುದು ಭಜನೆಯವರಿಂದ. ಆದ್ದರಿಂದ ಇಂಥ ಸಂಕಿರಣದಲ್ಲಿ ಅವರ ಹೆಸರು ಸಂಪನ್ಮೂಲ ವ್ಯಕ್ತಿಗಳ ಜೊತೆಗೇ ಬರಬೇಕು, ಆರು ಜನರದೂ ಬರಬೇಕು, ಊರಿನ ಹೆಸರೂ ಸೇರಬೇಕು. ಮೂವತ್ತು ಸೆಕೆಂಡು ಹೋದರೂ ಅಡ್ಡಿಯಿಲ್ಲ. ಆ ಸಮಯವನ್ನು ಬೇರೆ ಕಡೆ ಉಳಿಸಬಹುದು.

ಉಳಿಸಬಹುದಾದ ಒಂದು ಕಡೆ ಹಣ ಕೊಟ್ಟವರ ವಂದನೆ. ಸರ್ಕಾರಿ ಸಂಸ್ಥೆಯ ಅನುದಾನ ಸಾರ್ವಜನಿಕರ ಹಣ. ಅರ್ಜಿ ಹಾಕಿ, ಷರತ್ತು ಒಪ್ಪಿ, ಲೆಕ್ಕ ಕೊಡುವ ಕರಾರಿನ ಮೇಲೆ ಪಡೆದದ್ದು. ಅದು ಯಾವ ಅಧಿಕಾರಿಯ ಕೃಪೆಯೂ ಅಲ್ಲ. ಸಂಸ್ಥೆಯ ಹೆಸರು ಒಂದು ಸಲ ಸ್ಪಷ್ಟವಾಗಿ ಹೇಳಿದರೆ ಸಾಕು, ಹೇಳದಿದ್ದರೆ ಮಾತ್ರ ತಪ್ಪು. ದಾಸೋಹದಿಂದ ಬಂದ ಊಟದ ಸಂಗತಿ ಬೇರೆ. ಅದಕ್ಕೆ ಅರ್ಜಿ ಇರಲಿಲ್ಲ, ಷರತ್ತೂ ಇರಲಿಲ್ಲ. ಇನ್ನೂರು ಜನಕ್ಕೆ ಎರಡು ಮಧ್ಯಾಹ್ನ ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು ಬಂದಿದೆ. ಮಠಕ್ಕೆ ವಂದಿಸುವಾಗ ರೊಟ್ಟಿ ಬಡಿದ ಹೆಂಗಸರನ್ನೂ ಬಡಿಸಿದವರನ್ನೂ ಆ ವಾಕ್ಯದೊಳಗೇ ಸೇರಿಸಬೇಕು. ‘ಊಟದ ವ್ಯವಸ್ಥೆ ಮಾಡಿದ ಸರ್ವರಿಗೂ’ ಎಂದಾಗ ಅವರು ಕಾಣುವುದಿಲ್ಲ. ಸ್ಥಳೀಯ ದಾನಿಗಳ ವಿಷಯದಲ್ಲಿ ಏನು ಕೊಟ್ಟರು ಎಂಬುದನ್ನು ಹೇಳಬೇಕೇ ಹೊರತು ಎಷ್ಟು ಕೊಟ್ಟರು ಎಂಬುದನ್ನಲ್ಲ. ಮೊತ್ತ ಹೇಳಿದರೆ ಕಡಿಮೆ ಕೊಟ್ಟವರು ತಲೆ ತಗ್ಗಿಸುತ್ತಾರೆ.

ಕಾಲೇಜಿನೊಳಗಿನ ಸಮಿತಿಗಳು ಬಹಳ. ನೋಂದಣಿ, ವಸತಿ, ಊಟ, ವೇದಿಕೆ, ಸಾರಿಗೆ, ಹಣಕಾಸು. ಈಚೆಗೆ ಆಂತರಿಕ ಗುಣಮಟ್ಟ ಭರವಸೆ ಕೋಶದ ಸಹಯೋಗವಿಲ್ಲದೆ ಸಂಕಿರಣ ನಡೆಯುವುದೇ ಅಪರೂಪ, ನ್ಯಾಕ್‌ನ ಕಡತಕ್ಕೆ ಅದು ಬೇಕು. ಆ ಕೋಶದ ಸಂಯೋಜಕರ ಹೆಸರು ಬಿಟ್ಟುಹೋದರೆ ಸೋಮವಾರ ಸ್ಟಾಫ್ ರೂಮಿನಲ್ಲಿ ಗೊತ್ತಾಗುತ್ತದೆ. ಸಹೋದ್ಯೋಗಿಗಳನ್ನು ಸಮಿತಿಗೊಂದು ಮಾತಿನಂತೆ ಮುಗಿಸಬಹುದು. ಗುಮಾಸ್ತರು, ಜವಾನರು, ಕಸ ಗುಡಿಸಿದವರು ಯಾವ ಸಮಿತಿಯಲ್ಲೂ ಇರುವುದಿಲ್ಲ. ಅವರಿಗಾಗಿ ನೋಟ್‌ಪುಸ್ತಕ ನೋಡಬೇಕು.

ಸ್ವಯಂಸೇವಕರ ವಂದನೆಯಲ್ಲಿ ಎರಡು ತಪ್ಪುಗಳು ಎದುರುಬದುರು ನಿಂತಿವೆ. ‘ನಮ್ಮ ಮುದ್ದು ವಿದ್ಯಾರ್ಥಿಗಳಿಗೆ’ ಎಂದು ಒಂದೇ ಉಸಿರಿಗೆ ಮುಗಿಸುವುದು ಒಂದು. ತಂಡದ ನಾಯಕ, ನಾಯಕಿ ಇಬ್ಬರ ಹೆಸರು ಮಾತ್ರ ಹೇಳಿ ಇಪ್ಪತ್ತೆಂಟು ಜನರ ಮುಖ ಸಣ್ಣದಾಗಿಸುವುದು ಇನ್ನೊಂದು. ಮೂವತ್ತು ಹೆಸರನ್ನು ಓದುವುದಕ್ಕೆ ಸಮಯವಿಲ್ಲ. ಕೆಲಸವನ್ನು ಹೇಳಿ, ಅವರನ್ನು ಎದ್ದು ನಿಲ್ಲಿಸುವುದು ಇದ್ದುದರಲ್ಲಿ ಒಳ್ಳೆಯ ಉಪಾಯ. ಹೀಗೆ: ‘ಮೊನ್ನೆ ರಾತ್ರಿ ಹನ್ನೊಂದಕ್ಕೆ ರೈಲಿನಿಂದ ಇಳಿದವರನ್ನು ಕರೆದುಕೊಂಡು ಬಂದವರು, ಎರಡು ದಿನ ನೋಂದಣಿ ಮೇಜು ಬಿಟ್ಟು ಏಳದವರು, ನಿನ್ನೆ ಕರೆಂಟು ಹೋದಾಗ ಜನರೇಟರು ಎಳೆದು ತಂದವರು ಎಲ್ಲ ನಮ್ಮ ಎನ್‌ಎಸ್‌ಎಸ್ ಸ್ವಯಂಸೇವಕರು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿರಿ.’ ಅಲ್ಲಿ ಮಾತು ನಿಲ್ಲಿಸಿ ಚಪ್ಪಾಳೆ ಮುಗಿಯುವವರೆಗೆ ಕಾಯಬೇಕು. ಇದಕ್ಕೆ ಒಂದು ಮುನ್ನೆಚ್ಚರಿಕೆ ಇದೆ: ಸ್ವಯಂಸೇವಕರು ಆ ಹೊತ್ತಿಗೆ ಹೊರಗೆ ಕುರ್ಚಿ ಜೋಡಿಸುತ್ತ, ಪ್ರಮಾಣಪತ್ರ ಬರೆಯುತ್ತ ಇರುತ್ತಾರೆ. ಹತ್ತು ನಿಮಿಷ ಮುಂಚೆ ಅವರನ್ನು ಸಭಾಂಗಣದೊಳಗೆ ಕರೆಸಿಕೊಳ್ಳದಿದ್ದರೆ ಎದ್ದು ನಿಲ್ಲಲು ಯಾರೂ ಇರುವುದಿಲ್ಲ.

ಪ್ರಮಾಣಪತ್ರದ ಮಾತು ಬಂತು. ಬೇರೆ ಕಾಲೇಜುಗಳಿಂದ ಬಂದ ಅಧ್ಯಾಪಕರಿಗೆ ಓಓಡಿ ಮಂಜೂರಾಗಲು ಹಾಜರಾತಿಯ ಪತ್ರ ಬೇಕು. ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರಬಂಧ ಮಂಡನೆಯ ಪತ್ರ ಬೇಕು. ಅದನ್ನು ಸಮಾರೋಪಕ್ಕೆ ಮೊದಲೇ ಹಂಚಿದರೆ ವಂದನಾರ್ಪಣೆಗೆ ಖಾಲಿ ಕುರ್ಚಿಗಳು ಉಳಿಯುತ್ತವೆ. ವಂದನೆಯ ನಂತರ ಎಂದರೆ ವಂದನೆಯ ಉದ್ದಕ್ಕೂ ಜನ ಬಾಗಿಲ ಕಡೆಯ ಮೇಜನ್ನೇ ನೋಡುತ್ತಿರುತ್ತಾರೆ. ಅಧ್ಯಕ್ಷೀಯ ನುಡಿಗೆ ಮುಂಚೆ ವೇದಿಕೆಯಲ್ಲಿ ನಾಲ್ಕೈದು ಜನಕ್ಕೆ ಸಾಂಕೇತಿಕವಾಗಿ ಕೊಟ್ಟು, ಉಳಿದವು ರಾಷ್ಟ್ರಗೀತೆಯ ಬಳಿಕ ಜಿಲ್ಲಾವಾರು ಮೇಜುಗಳಲ್ಲಿ ಸಿಗುತ್ತವೆ ಎಂದು ನಿರೂಪಕರು ಹೇಳಿಬಿಟ್ಟರೆ ಗದ್ದಲ ಕಡಿಮೆ. ಇಂಥ ಸೂಚನೆಗಳನ್ನು, ಪ್ರಬಂಧ ಕಳಿಸುವ ಕೊನೆಯ ದಿನಾಂಕವನ್ನು, ಬಸ್ಸಿನ ವೇಳೆಯನ್ನು ವಂದಿಸುವವರ ಬಾಯಿಂದ ಹೇಳಿಸುವುದು ಬೇಡ. ಪ್ರಕಟಣೆ ಶುರುವಾದ ಕೂಡಲೇ ಸಭೆ ಏಳಲು ಸಿದ್ಧವಾಗುತ್ತದೆ.

ಸಭಿಕರಿಗೆ ಸಲ್ಲುವ ವಂದನೆ ‘ತಾಳ್ಮೆಯಿಂದ ಕುಳಿತು ಕೇಳಿದ’ ಎಂಬಲ್ಲಿಗೆ ನಿಲ್ಲುವುದು ಹೆಚ್ಚು. ಭಾಷಣಗಳು ತಾಳ್ಮೆಯನ್ನು ಪರೀಕ್ಷಿಸಿದವು ಎಂದು ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ ಅದು. ಪ್ರತಿನಿಧಿಗಳು ಬರೀ ಕುಳಿತಿರಲಿಲ್ಲ. ಪ್ರಶ್ನೆ ಕೇಳಿದರು, ತಮ್ಮೂರಿನ ಪದಕಾರರ ಹೆಸರು ಎತ್ತಿದರು, ಅಭಿಪ್ರಾಯ ಬರೆದುಕೊಟ್ಟರು. ನೋಟ್‌ಪುಸ್ತಕದಲ್ಲಿ ಬರೆದಿಟ್ಟ ಒಂದು ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ: ‘ಹೆಣ್ಣುಮಕ್ಕಳು ಕಟ್ಟಿದ ತತ್ವಪದಗಳು ಎಲ್ಲಿ ಎಂದು ನಿನ್ನೆ ಹಿಂದಿನ ಸಾಲಿನಿಂದ ಬಂದ ಪ್ರಶ್ನೆ ನಾಲ್ಕೂ ಗೋಷ್ಠಿಗಳಲ್ಲಿ ಸುತ್ತಾಡಿತು. ಕೇಳಿದವರಿಗೂ, ಕೇಳಲು ಬಂದ ನಿಮ್ಮೆಲ್ಲರಿಗೂ ವಂದನೆಗಳು.’ ಇದಾದ ಮೇಲೆ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಸಾಲನ್ನು ಸೇರಿಸಲು ಅಡ್ಡಿಯಿಲ್ಲ. ಸವೆದ ಸಾಲೇ ಆದರೂ ಅದಕ್ಕೊಂದು ಉಪಯೋಗ ಇದೆ, ಮರೆತ ಹೆಸರುಗಳಿಗೆ ಅದು ಆಸರೆ. ಆದರೆ ಅದರ ಮೇಲೆ ಭಾರ ಹಾಕಿ ಮಾಡಬೇಕಾದ ಪಟ್ಟಿಯನ್ನೇ ಮಾಡದಿರುವುದು ಸೋಮಾರಿತನ.

ಸಮಯ ಮೀರಿದಾಗ ಏನು ಮಾಡಬೇಕು ಎಂಬುದನ್ನೂ ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು. ಸಮಾರೋಪ ತಡವಾಗುವುದು ಅಪರೂಪವಲ್ಲ. ಅಧ್ಯಕ್ಷರು ‘ಎರಡೇ ನಿಮಿಷ’ ಎಂದು ಚೀಟಿ ಕಳಿಸಿದರೆ ಹೆಚ್ಚಿನವರು ವೇದಿಕೆಯ ಹೆಸರುಗಳನ್ನು ಪೂರ್ತಿ ಓದಿ, ಸ್ವಯಂಸೇವಕರನ್ನೂ ಅಡುಗೆಯವರನ್ನೂ ಬಿಟ್ಟುಬಿಡುತ್ತಾರೆ. ಇದು ತಲೆಕೆಳಗು. ವೇದಿಕೆಯವರಿಗೆ ಹಾರ, ಶಾಲು, ನೆನಪಿನ ಕಾಣಿಕೆ ಆಗಲೇ ಸಂದಿರುತ್ತವೆ. ಅವರನ್ನು ಒಂದೇ ವಾಕ್ಯಕ್ಕೆ ಇಳಿಸಿದರೆ ಬೇಸರಿಸುವುದಿಲ್ಲ. ಬೇರೆ ಯಾವ ಮನ್ನಣೆಯೂ ಸಿಗದವರ ಭಾಗವನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಬರೆದ ಹಾಳೆಯಲ್ಲಿ ಬಿಡಬಹುದಾದ ಸಾಲುಗಳಿಗೆ ಪೆನ್ಸಿಲಿನ ಗೆರೆ ಇದ್ದರೆ ಮೈಕಿನ ಮುಂದೆ ತಡಕಾಡುವುದು ತಪ್ಪುತ್ತದೆ.

ವಂದನೆ ಮುಗಿದ ಮೇಲೆ ಉಳಿಯುವುದು ರಾಷ್ಟ್ರಗೀತೆ. ಅದಕ್ಕೆ 52 ಸೆಕೆಂಡು. ಹೆಸರುಗಳ ಹಾಳೆಯನ್ನು ಆ ಬಳಿಕ ಮಡಚಿ ಎಸೆಯಬಾರದು. ಅನುದಾನ ಕೊಟ್ಟ ಸಂಸ್ಥೆಗೆ ಕಳಿಸುವ ವರದಿಗೆ, ಮರುವಾರ ಬರೆಯುವ ಕೃತಜ್ಞತಾ ಪತ್ರಗಳಿಗೆ, ಪ್ರಬಂಧಗಳು ಪುಸ್ತಕವಾದಾಗ ಸಂಪಾದಕರ ಮಾತಿಗೆ ಆಹ್ವಾನ ಪತ್ರಿಕೆಗಿಂತ ನಂಬಿಕೆಗೆ ಅರ್ಹವಾದ ದಾಖಲೆ ಅದು.